ಕಷ್ಟದ ವರ್ಷದ ಕೊನೆಗೆ ಧಣಿಗಳು ಕೆಲಸದವರ ಮುಂದೆ ಏನು ಹೇಳಬೇಕು? ಕರಡು ಹಾಕಿದ್ದೇನೆ, ನೋಡಿ ಹೇಳಿ

ಬದಿಯಡ್ಕ_ಲೆಕ್ಕಪತ್ರ

ಎಲ್ಲರಿಗೂ ನಮಸ್ಕಾರ. ಬದಿಯಡ್ಕ ಹತ್ತಿರದ ಒಂದು ಅಡಿಕೆ ಹಾಳೆತಟ್ಟೆ ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವಳು ನಾನು. ಡಿಸೆಂಬರ್ 31ರ ಸಂಜೆ ನಾಲ್ಕಕ್ಕೆ ಮಷಿನ್ ನಿಲ್ಲಿಸಿ ಧಣಿಗಳು ಎಲ್ಲರನ್ನೂ ಸೇರಿಸಿ ಮಾತಾಡುವುದು ನಮ್ಮಲ್ಲಿ ರೂಢಿ. ಬೇರೆ ವರ್ಷಗಳಲ್ಲಿ ಎರಡು ಮಾತು, ಚಾ, ಗೋಳಿಬಜೆ, ಅಷ್ಟಕ್ಕೆ ಮುಗಿಯುತ್ತಿತ್ತು. ಈ ಸಲ ಜನ ಆ ಮಾತಿಗಾಗಿಯೇ ಕಾಯುತ್ತಿದ್ದಾರೆ.

ಪರಿಸ್ಥಿತಿ ಹೀಗೆ. ನಮ್ಮ ಹತ್ತು ತಟ್ಟೆಯಲ್ಲಿ ಏಳು ಅಮೆರಿಕಕ್ಕೆ ಹೋಗುತ್ತಿತ್ತು. 2025ರ ಮೇಯಲ್ಲಿ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಹಾಳೆಯಲ್ಲಿ ಸಹಜವಾಗಿ ಇರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು ಊಟಕ್ಕೆ ಇಳಿಯಬಹುದು ಎಂಬ ಕಾರಣ ಕೊಟ್ಟು ಹಾಳೆತಟ್ಟೆಯ ಆಮದಿಗೆ ತಡೆ ಹಾಕಿತು. ಅಷ್ಟು ಹೊತ್ತಿಗೆ ಮಳೆಗಾಲಕ್ಕೆಂದು ನಾಲ್ಕು ಲಕ್ಷ ಹಾಳೆ ತೆಗೆದು ಗೋಡೌನ್ ತುಂಬಿಸಿ ಆಗಿತ್ತು. ದುಡ್ಡೆಲ್ಲ ಅಲ್ಲಿ ಸಿಕ್ಕಿಬಿತ್ತು. ಜೂನ್‌ನಲ್ಲಿ ರಾತ್ರಿ ಶಿಫ್ಟ್ ನಿಂತಿತು, 49 ಜನರಲ್ಲಿ 11 ಮಂದಿಯನ್ನು ಬಿಡಿಸಿದರು. ಜುಲೈ, ಆಗಸ್ಟ್ ಸಂಬಳ ತಡವಾಯಿತು. ಓಣಂ ಬೋನಸ್ ಪ್ರತಿವರ್ಷ ಶೇಕಡಾ 12 ಇದ್ದದ್ದು ಈ ಸಲ 8.33ಕ್ಕೆ ಇಳಿಯಿತು. ಈಗ 38 ಜನ ಇದ್ದೇವೆ, ಬೆಂಗಳೂರು ಮತ್ತು ಗಲ್ಫ್ ಆರ್ಡರ್‌ಗಳ ಮೇಲೆ ಒಂದು ಶಿಫ್ಟ್ ನಡೆಯುತ್ತಿದೆ.

ಧಣಿಗಳ ಸಂಬಂಧಿಕರೊಬ್ಬರು ಬೆಂಗಳೂರಿನಿಂದ ಬರೆದು ಕಳಿಸಿದ ಕರಡು ಇದು:

"ಆತ್ಮೀಯ ಸಿಬ್ಬಂದಿ ಬಂಧುಗಳೇ, 2025 ನಮಗೆ ಸವಾಲುಗಳ ವರ್ಷವಾಗಿತ್ತು. ಜಾಗತಿಕ ಮಾರುಕಟ್ಟೆಯ ಏರುಪೇರು ಹಾಗೂ ಅಮೆರಿಕದ ಸುಂಕದ ಹೊಡೆತದಿಂದ ಕೆಲವು ಕಠಿಣ ನಿರ್ಧಾರಗಳು ಅನಿವಾರ್ಯವಾದವು. ಇಂಥ ಸಂದರ್ಭದಲ್ಲೂ ಸಂಸ್ಥೆ ನಿಮಗೆ ಬೋನಸ್ ನೀಡಿದೆ. ಮುಂದಿನ ದಿನಗಳು ಉಜ್ವಲವಾಗಿವೆ. ಎಲ್ಲರೂ ಒಗ್ಗಟ್ಟಿನಿಂದ ದುಡಿದರೆ ಯಶಸ್ಸು ನಮ್ಮದೇ."

ಓದಿದಾಗ ಏನೋ ಸರಿ ಇಲ್ಲ ಅನಿಸುತ್ತದೆ. ಎಲ್ಲಿ ತಿದ್ದಬೇಕು ಅಂತ ತಿಳಿಯುತ್ತಿಲ್ಲ.

ಪೆರ್ಲ_ತೋಟದವ

ಅಕ್ಕಾ, ಮೊದಲು ಒಂದು ಮಾತು. ನಮ್ಮ ಅಜ್ಜಂದಿರ ಕಾಲದಿಂದ ಹಾಳೆಯಲ್ಲಿ ಉಂಡವರು ನಾವು. ತೋಟದಲ್ಲಿ ಕೆಲಸಕ್ಕೆ ಹೋದರೆ ಹಾಳೆ ಮಡಚಿ ಅದರಲ್ಲೇ ಗಂಜಿ. ಯಾರಿಗೆ ಏನಾಗಿದೆ? ಧಣಿಗಳು ಅದನ್ನು ಗಟ್ಟಿಯಾಗಿ ಹೇಳಬೇಕು. ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ನಮ್ಮ ಕಾಸರಗೋಡಿನಲ್ಲೇ ಉಂಟು, ಅವರಿಂದ ಒಂದು ಪತ್ರ ತರಿಸಿ ಸಭೆಯಲ್ಲಿ ಓದಲಿ. ಅಮೆರಿಕದ್ದು ಸುಳ್ಳು ಅಂತ ಗೊತ್ತಾದರೆ ಕೆಲಸದವರಿಗೂ ಧೈರ್ಯ ಬರ್ತದೆ.

ಹೊಸೂರು_ಎಚ್‌ಆರ್

ನಾನು ಹೊಸೂರಿನಲ್ಲಿ ವಾಹನ ಬಿಡಿಭಾಗದ ಕಾರ್ಖಾನೆಗಳಲ್ಲಿ ಬಹಳ ವರ್ಷ ಇದೇ ಕೆಲಸ ಮಾಡಿದವನು. ಇಂಥ ಭಾಷಣ ಬರೆದುಕೊಟ್ಟಿದ್ದೇನೆ, ಅದು ಕೆಟ್ಟು ಹೋದದ್ದನ್ನೂ ಹತ್ತಿರದಿಂದ ನೋಡಿದ್ದೇನೆ.

ಪೆರ್ಲದ ಅಣ್ಣನ ನೋವು ಅರ್ಥವಾಗುತ್ತದೆ. ಆದರೆ ಕೆಲಸದವರ ಮುಂದೆ ಎಫ್‌ಡಿಎ ಜತೆ ವಾದ ಮಾಡಿ ಏನೂ ಆಗುವುದಿಲ್ಲ. ವಾದ ಗೆದ್ದರೂ ತಡೆ ಹಾಗೇ ಇರುತ್ತದೆ. ಕೈಯಲ್ಲಿ ಪರೀಕ್ಷಾ ವರದಿ ಇಲ್ಲದೆ ಮಾಲೀಕ "ಏನೂ ಅಪಾಯ ಇಲ್ಲ" ಅಂದರೆ, ಉಳಿದ ಮಾತಿನ ತೂಕವೂ ಅದರ ಜತೆ ಹೋಗುತ್ತದೆ.

ಬದಿಯಡ್ಕದ ಅಕ್ಕಾ, ನಿಮ್ಮ ಕರಡಿನಲ್ಲಿ ಒಂದು ಸಾಲು ಸತ್ಯಕ್ಕೆ ದೂರ ಇದೆ, ಅದನ್ನು ಮೊದಲು ತೆಗೆಯಿರಿ. ನಿಮ್ಮ ಮಾಲು ನಿಂತದ್ದು ಮೇಯಲ್ಲಿ. ಅಮೆರಿಕದ ಸುಂಕ ಶೇಕಡಾ 50 ಆದದ್ದು ಆಗಸ್ಟ್ 27ಕ್ಕೆ. 11 ಜನರನ್ನು ಕಳಿಸಿದ್ದು ಜೂನ್‌ನಲ್ಲಿ. ಕಂಟೇನರ್‌ಗೆ ಮಾಲು ತುಂಬಿದವರೇ ಎದುರು ಕೂತಿರುತ್ತಾರೆ, ಯಾವ ತಿಂಗಳಿನಿಂದ ತುಂಬಲಿಲ್ಲ ಅಂತ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಕಾರಣವೇ ಹೊಂದದಿದ್ದರೆ ಅವರು ಆಮೇಲಿನದನ್ನು ಕೇಳಿಸಿಕೊಳ್ಳುವುದಿಲ್ಲ.

ಇನ್ನು ಮುಖ್ಯವಾದದ್ದು. ಭಾಷಣ ಬರೆಯುವ ಮೊದಲು ತೀರ್ಮಾನ ಆಗಬೇಕು. ಮಾರ್ಚ್ ತನಕ ಎಷ್ಟು ಆರ್ಡರ್ ಕೈಯಲ್ಲಿದೆ? ಇನ್ನೂ ಯಾರನ್ನಾದರೂ ಬಿಡಿಸುವ ಯೋಚನೆ ಇದೆಯೇ? ಸಂಬಳ ಮತ್ತೆ ತಡವಾಗದಂತೆ ಏನು ವ್ಯವಸ್ಥೆ ಆಗಿದೆ? ಇದಕ್ಕೆ ಧಣಿಗಳ ಹತ್ತಿರ ಉತ್ತರ ಇದ್ದರೆ ಭಾಷಣ ಸುಲಭ. ಇಲ್ಲದಿದ್ದರೆ ಎಷ್ಟು ಚಂದ ಬರೆದರೂ ಪೊಳ್ಳು.

ನೀರ್ಚಾಲು_ಮಾಷ್ಟ್ರು

ಹೊಸೂರಿನವರು ಹೇಳಿದ್ದು ಸರಿ. ಭಾಷೆಯ ಬಗ್ಗೆ ನನ್ನದೊಂದು ಮಾತು. "ನಿರ್ಧಾರಗಳು ಅನಿವಾರ್ಯವಾದವು" ಅಂತ ಬರೆದಿದ್ದಾರೆ. ಮಾಡಿದವರು ಯಾರು? ಆ ವಾಕ್ಯದಲ್ಲಿ ಮನುಷ್ಯರೇ ಇಲ್ಲ. "ನಾನು 11 ಜನರನ್ನು ಬಿಡಿಸಿದೆ" ಅನ್ನಬೇಕು. ಬಾಯಿಗೆ ಕಷ್ಟ, ಆದರೆ ಕೇಳುವವರಿಗೆ ಗೌರವ.

ಕ್ರಮದ ಬಗ್ಗೆ ನನ್ನ ಅಭಿಪ್ರಾಯ: ಮೊದಲು ಧನ್ಯವಾದ, ಆಮೇಲೆ ವರ್ಷದ ಕಥೆ, ಕೆಟ್ಟ ಸುದ್ದಿ ನಡುವಿನಲ್ಲಿ, ಕೊನೆಗೆ ಸಮಾಧಾನದ ಮಾತು. ಮೊದಲೇ ಕೆಟ್ಟದ್ದು ಹೇಳಿದರೆ ಜನ ಕುಗ್ಗುತ್ತಾರೆ.

ಸೀತಾಂಗೋಳಿ_ಪ್ರೆಸ್

ಮಾಷ್ಟ್ರೇ, ಬೇಜಾರು ಮಾಡ್ಬೇಡಿ. ನಾನು ಬೇರೊಂದು ಹಾಳೆತಟ್ಟೆ ಕಂಪೆನಿಯಲ್ಲಿ ಪ್ರೆಸ್ ಮಷಿನ್ ಮುಂದೆ ನಿಲ್ಲುವವಳು. ನಮ್ಮಂಥವರು ಸಭೆಗೆ ಬಂದು ಕೂತಾಗ ತಲೆಯಲ್ಲಿ ಒಂದೇ ಪ್ರಶ್ನೆ, ಬರುವ ತಿಂಗಳು ಕೆಲಸ ಉಂಟಾ ಇಲ್ವಾ. ಅದು ಗೊತ್ತಾಗುವ ತನಕ ಧನ್ಯವಾದವೂ ಕಿವಿಗೆ ಬೀಳುವುದಿಲ್ಲ. ಧನ್ಯವಾದ ಜಾಸ್ತಿ ಆದಷ್ಟು ಹೆದರಿಕೆ ಜಾಸ್ತಿ. ಯಾಕೆ ಇಷ್ಟು ಹೊಗಳ್ತಾರೆ, ಕಳಿಸ್ಲಿಕ್ಕಾ ಅಂತ.

ಇನ್ನೊಂದು. ಧಣಿಗಳು ಏನು ಹೇಳ್ತಾರೆ ಅಂತ ಕೇಳುವ ಮೊದಲೇ ನಾವು ಗೋಡೌನ್ ನೋಡಿರ್ತೇವೆ. ಈಗ ಹಾಳೆಯ ಸೀಸನ್ ಸುರು. ಬಿಸಿಲು ಇರುವ ತನಕ ಬಂದದ್ದೇ ಹಾಳೆ, ಮಳೆ ಬಿದ್ದ ಮೇಲೆ ಬೂಸ್ಟು ಹಿಡಿದು ಕಪ್ಪು ಚುಕ್ಕೆ ಬರ್ತದೆ, ಒತ್ತಿದರೂ ಮಾಲು ಎರಡನೇ ನಂಬರ್. ಹಾಗಾಗಿ ಡಿಸೆಂಬರ್‌ನಿಂದ ಪಿಕಪ್ ಎಷ್ಟು ಬಂತು ಅಂತ ಎಣಿಸಿದರೆ ಆಟಿಯ ಮಳೆಗಾಲದಲ್ಲಿ ಕೆಲಸ ಉಂಟಾ ಅಂತ ನಮಗೇ ಗೊತ್ತಾಗ್ತದೆ. ನಿಮ್ಮಲ್ಲಿ ಹಾಳೆ ಬರ್ತಾ ಉಂಟಾ ಅಕ್ಕಾ? ಬರದೆ ಇದ್ದು "ಉಜ್ವಲ ಭವಿಷ್ಯ" ಅಂದರೆ ಯಾರೂ ನಂಬುವುದಿಲ್ಲ.

ಬದಿಯಡ್ಕ_ಲೆಕ್ಕಪತ್ರ

ಸೀತಾಂಗೋಳಿಯವರೇ, ಇದು ನನಗೆ ಹೊಳೆದಿರಲೇ ಇಲ್ಲ. ನಿಜ, ಈ ತಿಂಗಳು ಪಿಕಪ್ ಬಂದದ್ದು ತೀರ ಕಡಿಮೆ. ಕ್ಯಾಂಟೀನಿನಲ್ಲಿ "ಮಾರ್ಚ್‌ಗೆ ಬೀಗ" ಅಂತ ಮಾತು ಹಬ್ಬಿದೆ.

ಧಣಿಗಳ ಹತ್ತಿರ ಕೂತು ಮಾತಾಡಿದೆ. ಕೈಯಲ್ಲಿರುವ ಆರ್ಡರ್ ಫೆಬ್ರವರಿ ಕೊನೆಯ ತನಕ ಸಾಕು. ಗಲ್ಫ್‌ನಿಂದ ಇನ್ನೊಂದು ದೊಡ್ಡ ಆರ್ಡರ್ ಮಾತಾಗಿದೆ, ಮುಂಗಡ ಬಂದಿಲ್ಲ. ಎರಡು ತಿಂಗಳ ಸಂಬಳದಷ್ಟು ದುಡ್ಡನ್ನು ಈಗ ಬೇರೆ ಖಾತೆಯಲ್ಲಿ ಇಟ್ಟಿದ್ದಾರೆ, ಅದನ್ನು ಹಾಳೆ ಖರೀದಿಗೆ ಮುಟ್ಟುವುದಿಲ್ಲ. ಮಾರ್ಚ್ 31ರ ತನಕ ಯಾರನ್ನೂ ಬಿಡಿಸುವುದಿಲ್ಲ ಎಂಬುದು ಅವರ ಖಚಿತ ಮಾತು. ಮಳೆಗಾಲದ ದಾಸ್ತಾನಿಗೆ ಈ ಸಲ ಒಂದೂವರೆ ಲಕ್ಷ ಹಾಳೆ ಮಾತ್ರ ತೆಗೆಯುತ್ತಾರೆ. ಜನವರಿ ಎರಡನೇ ವಾರದಿಂದ ಖರೀದಿ ಸುರು.

ಗಲ್ಫ್ ಆರ್ಡರ್ ವಿಷಯ ಹೇಳಿದರೆ ಎಲ್ಲರಿಗೂ ಖುಷಿ ಆಗುತ್ತದೆ ಅಂತ ಧಣಿಗಳ ಆಸೆ. ಹೇಳಬಹುದಾ?

ಅಕ್ಕಲಕೋಟೆ_ಮಗ್ಗ

ದಯವಿಟ್ಟು ಹೇಳಸಬ್ಯಾಡ್ರಿ. ನಾವು ಸೊಲ್ಲಾಪುರದಾಗ ಟವೆಲ್ ಮಗ್ಗದ ಕಾರ್ಖಾನ್ಯಾಗ ದುಡದವರು. ನಮ್ಮ ಮಾಲಕರು ಒಂದು ದೀಪಾವಳಿಗೆ ಎಲ್ಲಾರ ಮುಂದ ನಿಂತು, ದೊಡ್ಡ ಆರ್ಡರ್ ಬರಾಕತ್ತೈತಿ, ಒಬ್ಬರನ್ನೂ ಬಿಡಸಂಗಿಲ್ಲ ಅಂದ್ರು. ಆ ಮಾತು ನಂಬಿ ನಮ್ಮ ಪಕ್ಕದ ಮಗ್ಗದವ ಗಾಡಿ ಸಾಲ ಎತ್ತಿದ. ಆರ್ಡರ್ ಬರಲಿಲ್ಲ. ಯುಗಾದಿ ಹೊತ್ತಿಗೆ ಅವನ ಕೆಲಸಾ ಹೋತು, ಗಾಡೀನೂ ಹೋತು. ಮಾಲಕರು ಕೆಟ್ಟವರಲ್ರಿ. ಅವರಿಗೂ ಆಸೆ ಇತ್ತು, ಅದನ್ನ ಹೇಳಿಬಿಟ್ರು. ಆದ್ರ ಅದರ ಮುಂದ ಅವರು ಏನ ಹೇಳಿದ್ರೂ ನಾವು ಒಬ್ಬರ ಮಾರಿ ಒಬ್ಬರು ನೋಡತಿದ್ವಿ.

ಹೊಸಂಗಡಿ_ಯೂನಿಯನ್

ಕರಡಿನಲ್ಲಿ "ಇಂಥ ಸಂದರ್ಭದಲ್ಲೂ ಬೋನಸ್ ನೀಡಿದೆ" ಅಂತ ಉಂಟಲ್ಲ, ಅದನ್ನು ಕೂಡಲೇ ತೆಗೆಯಿರಿ. 20 ಜನ ಅಥವಾ ಅದಕ್ಕಿಂತ ಹೆಚ್ಚು ಇರುವಲ್ಲಿ ಕನಿಷ್ಠ 8.33 ಲಾಭ ಆದರೂ ನಷ್ಟ ಆದರೂ ಕೊಡಲೇಬೇಕು, 1965ರ ಬೋನಸ್ ಕಾಯ್ದೆಯಿಂದಲೇ ಬಂದ ಹಕ್ಕು. ನಮ್ಮ ಹಕ್ಕನ್ನು ದಾನದ ಹಾಗೆ ಹೇಳಿದರೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಲ್ಲುತ್ತಾನೆ. ಸಂಬಳವೂ ಹಾಗೆಯೇ, ನಿಮ್ಮಂಥ ಘಟಕದಲ್ಲಿ ತಿಂಗಳ 7ನೇ ತಾರೀಕಿನ ಒಳಗೆ ಕೊಡಬೇಕಾದ್ದು ಕಾನೂನು. "7ರೊಳಗೆ ಕೊಡುತ್ತೇನೆ" ಅನ್ನುವುದು ದೊಡ್ಡ ಘೋಷಣೆ ಏನಲ್ಲ.

ಮತ್ತೆ ಆ 11 ಜನಕ್ಕೆ ಅರ್ಧ ಸಂಬಳ ಇಲ್ಲಿಯ ತನಕ ಕೊಡುತ್ತಾ ಬರಬೇಕಿತ್ತು. ಲೇ ಆಫ್ ಅಂದರೆ ಶೇಕಡಾ 50. ಅದನ್ನೂ ಭಾಷಣದಲ್ಲಿ ಹೇಳಲಿ.

ಹೊಸೂರು_ಎಚ್‌ಆರ್

ಬೋನಸ್ ಮಾತು ನೂರಕ್ಕೆ ನೂರು ಸರಿ. ಅರ್ಧ ಸಂಬಳದ್ದು ಇಲ್ಲಿಗೆ ಹೊಂದುವುದಿಲ್ಲ. ಕೆಲಸಕ್ಕೆ ಹೆಸರು ಇಟ್ಟುಕೊಂಡು ತಾತ್ಕಾಲಿಕವಾಗಿ ಕೂರಿಸಿದರೆ ಲೇ ಆಫ್, ಅದೂ 50 ಜನ ಇರುವ ಕಾರ್ಖಾನೆಗೆ. ಇಲ್ಲಿದ್ದವರು 49, ಮತ್ತು ಇವರು ಕೆಲಸದಿಂದಲೇ ತೆಗೆದಿದ್ದಾರೆ. ಹಾಗೆ ತೆಗೆದರೆ ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ, ಜತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಅದು ಪೂರ್ತಿ ಸಂದಿದೆಯೇ ಅಂತ ಅಕ್ಕ ಲೆಕ್ಕಪುಸ್ತಕ ನೋಡಿ ಖಚಿತ ಮಾಡಿಕೊಳ್ಳಲಿ. ಬಾಕಿ ಇದ್ದರೆ 31ರ ಒಳಗೆ ಕೊಟ್ಟು ಮುಗಿಸಬೇಕು. ಬಾಕಿ ಇಟ್ಟುಕೊಂಡು ವೇದಿಕೆ ಹತ್ತಿ ಪ್ರಾಮಾಣಿಕತೆಯ ಮಾತಾಡಲು ಬರುವುದಿಲ್ಲ. (ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಆದರೆ ಇದು ಜೂನ್‌ನಲ್ಲಿ ನಡೆದದ್ದು, ಹಳೆಯ ಕಾಯ್ದೆಯ ಲೆಕ್ಕವೇ.)

7ನೇ ತಾರೀಕಿನ ವಿಷಯದಲ್ಲಿ ಹೊಸಂಗಡಿಯವರಿಗೆ ಒಂದು ತಿದ್ದುಪಡಿ. ಕಾನೂನು ಹೇಳುತ್ತದೆ ಎಂಬುದು ಕೆಲಸದವರಿಗೂ ಗೊತ್ತು, ಆದರೂ ಎರಡು ತಿಂಗಳು ತಪ್ಪಿತಲ್ಲ. ಆದ್ದರಿಂದ ದಿನಾಂಕ ಹೇಳಲೇಬೇಕು. ಅದರ ಹಿಂದೆ ಏನು ವ್ಯವಸ್ಥೆ ಇದೆ ಅಂತಲೂ ಹೇಳಬೇಕು, ಬೇರೆ ಖಾತೆಯ ಮಾತು ಅದಕ್ಕೇ ಬೇಕು.

ಗಲ್ಫ್ ಆರ್ಡರ್ ಬಗ್ಗೆ ಅಕ್ಕಲಕೋಟೆಯವರು ಹೇಳಿದ ಮೇಲೆ ನಾನು ಸೇರಿಸುವುದು ಸ್ವಲ್ಪವೇ. ಮುಂಗಡ ಬ್ಯಾಂಕಿಗೆ ಬಂದ ಆರ್ಡರ್ ಮಾತ್ರ ಭಾಷಣಕ್ಕೆ ಬರಲಿ. ಉಳಿದದ್ದು ಯಾವಾಗ ಗೊತ್ತಾಗುತ್ತದೆ ಅಂತ ಒಂದು ತಾರೀಕು ಕೊಡಿ ಸಾಕು. ಭರವಸೆ ಇಲ್ಲದ ಜಾಗದಲ್ಲಿ ತಾರೀಕು ಇದ್ದರೆ ಜನ ತಾಳುತ್ತಾರೆ.

ನಾಳೆ ರಾತ್ರಿ ಒಂದು ಕರಡು ಹಾಕುತ್ತೇನೆ.

ಹೊಸೂರು_ಎಚ್‌ಆರ್

ಇದು ಏಳು ನಿಮಿಷಕ್ಕೆ ಮೀರಬಾರದು. ಮಷಿನ್ ಶೆಡ್ಡಿನಲ್ಲಿ ನಿಂತು ಹೇಳುವುದಾದರೆ ವಾಕ್ಯ ಚಿಕ್ಕದಿರಲಿ.

"ಎಲ್ಲರೂ ಕೂತುಕೊಳ್ಳಿ. ಮೊದಲು ನಿಮಗೆ ಬೇಕಾದ ವಿಷಯ ಹೇಳುತ್ತೇನೆ.

ಮಾರ್ಚ್ 31ರ ತನಕ ಇಲ್ಲಿರುವ 38 ಜನರಲ್ಲಿ ಯಾರನ್ನೂ ಕೆಲಸ ಇಲ್ಲ ಅಂತ ಕಳಿಸುವುದಿಲ್ಲ. ಕೈಯಲ್ಲಿರುವ ಆರ್ಡರ್ ಫೆಬ್ರವರಿ ಕೊನೆಯ ತನಕ ಸಾಕು. ಮಾರ್ಚ್‌ನಲ್ಲಿ ಮಷಿನ್ ಕಡಿಮೆ ಓಡಿದರೂ ಸಂಬಳ ಕಡಿಮೆ ಆಗುವುದಿಲ್ಲ. ಅದಕ್ಕೆ ಬೇಕಾದ ದುಡ್ಡು ಬೇರೆ ಖಾತೆಯಲ್ಲಿ ಇಟ್ಟಿದ್ದೇನೆ. ಏಪ್ರಿಲ್‌ನಿಂದ ಏನು ಅಂತ ನನಗೆ ಇವತ್ತು ಗೊತ್ತಿಲ್ಲ. ಮಾರ್ಚ್ 10ಕ್ಕೆ ಇದೇ ಜಾಗದಲ್ಲಿ ನಿಂತು ಹೇಳುತ್ತೇನೆ. ಸುದ್ದಿ ಒಳ್ಳೆಯದಾದರೂ ಕೆಟ್ಟದಾದರೂ ನೀವು ಬೇರೆಯವರಿಂದ ಕೇಳುವ ಮೊದಲು ನಾನು ಹೇಳುತ್ತೇನೆ.

ಈ ವರ್ಷ ಆದದ್ದು ನಿಮಗೆ ಗೊತ್ತು. ಮೇಯಲ್ಲಿ ಅಮೆರಿಕದವರು ಹಾಳೆತಟ್ಟೆ ಬೇಡ ಅಂದರು. ನಮ್ಮ ಮಾಲಿನಲ್ಲಿ ಹೆಚ್ಚಿನ ಪಾಲು ಅಲ್ಲಿಗೇ ಹೋಗುತ್ತಿತ್ತು. ಒಂದೇ ದೇಶವನ್ನು ಅಷ್ಟು ನಂಬಿದ್ದು ನನ್ನ ತೀರ್ಮಾನ. ಅದೇ ಸಮಯಕ್ಕೆ ನಾಲ್ಕು ಲಕ್ಷ ಹಾಳೆ ತೆಗೆದಿದ್ದೆ, ದುಡ್ಡು ಅದರಲ್ಲಿ ಸಿಕ್ಕಿಬಿತ್ತು. ಜುಲೈ, ಆಗಸ್ಟ್‌ನಲ್ಲಿ ನಿಮ್ಮ ಸಂಬಳ ತಡವಾದದ್ದು ಅದಕ್ಕೆ. ಮಕ್ಕಳ ಫೀಸು, ಚಿಟ್ಟಿ, ಬ್ಯಾಂಕಿನ ಕಂತು ನಿಮಗೆ ಕಾಯಲಿಲ್ಲ, ನನಗೆ ಗೊತ್ತಿದೆ. ಅದಕ್ಕೆ ನಾನು ಕ್ಷಮೆ ಕೇಳುತ್ತೇನೆ. ಇನ್ನು ಸಂಬಳ 7ನೇ ತಾರೀಕಿನ ಒಳಗೆ.

ಜೂನ್‌ನಲ್ಲಿ 11 ಜನರನ್ನು ನಾನು ಬಿಡಿಸಿದೆ. ಅವರ ಕೆಲಸದಲ್ಲಿ ಕೊರತೆ ಇರಲಿಲ್ಲ. ಎರಡನೇ ಶಿಫ್ಟಿಗೆ ಮಾಲು ಇರಲಿಲ್ಲ. ಮತ್ತೆ ಜನ ಬೇಕಾದ ದಿನ ಮೊದಲ ಫೋನ್ ಅವರಿಗೆ.

ಬೋನಸ್ ಕಾನೂನಿನ ಕನಿಷ್ಠಕ್ಕೆ ಇಳಿಯಿತು. ಬರುವ ಓಣಂಗೆ ಹಳೆಯ ಲೆಕ್ಕಕ್ಕೆ ಬರುತ್ತದೆ ಅಂತ ಇವತ್ತು ಹೇಳಲಾರೆ. ಮಾರ್ಚ್‌ಗೆ ವರ್ಷದ ಲೆಕ್ಕ ಮುಗಿದ ಮೇಲೆ ಮೇ ತಿಂಗಳಲ್ಲಿ ಹೇಳುತ್ತೇನೆ.

ಗೋಡೌನ್ ಖಾಲಿ ಇರುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಮುಚ್ಚುವ ತಯಾರಿ ಅಲ್ಲ. ಜನವರಿ ಎರಡನೇ ವಾರದಿಂದ ಹಾಳೆ ಬರುತ್ತದೆ. ಈ ಸಲ ಮಳೆಗಾಲಕ್ಕೆ ಒಂದೂವರೆ ಲಕ್ಷ ತೆಗೆಯುತ್ತೇವೆ. ಆರ್ಡರ್ ನೋಡಿಕೊಂಡು ಹಾಳೆ, ಹಾಳೆ ನೋಡಿಕೊಂಡು ಆರ್ಡರ್ ಅಲ್ಲ.

ಆಗಸ್ಟ್‌ನಲ್ಲಿ ಬೂಸ್ಟು ಹಿಡಿದ ಹಾಳೆಗಳನ್ನು ಒಂದೊಂದಾಗಿ ಆರಿಸಿ, ಒರೆಸಿ, ಒಣಗಿಸಿ ಉಳಿಸಿದವರು ನೀವು. ಬೆಂಗಳೂರಿನ ಮೊದಲ ಆರ್ಡರ್ ಆ ಹಾಳೆಯಿಂದಲೇ ಹೋಯಿತು. ಅದು ನಾನು ಹೇಳಿ ಆದದ್ದಲ್ಲ.

ಈಗ ನೀವು ಕೇಳಿ. ಗೊತ್ತಿದ್ದರೆ ಹೇಳುತ್ತೇನೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಹೇಳುತ್ತೇನೆ."

ಕೊನೆಯ ಧನ್ಯವಾದದ ಜಾಗದಲ್ಲಿ ಆಗಸ್ಟ್‌ನ ಹಾಳೆಯ ಕಥೆ ನಾನು ಊಹಿಸಿ ಹಾಕಿದ್ದು. ಅಂಥದ್ದೊಂದು ನಿಜವಾಗಿ ನಡೆದದ್ದನ್ನು ಅಕ್ಕ ಹುಡುಕಿ ಹಾಕಬೇಕು. "ನಿಮ್ಮ ಪರಿಶ್ರಮಕ್ಕೆ ಕೃತಜ್ಞತೆ" ಎಂಬುದು ಯಾವ ಕಾರ್ಖಾನೆಗೂ ಹೊಂದುತ್ತದೆ, ಆದ್ದರಿಂದ ಯಾರಿಗೂ ತಾಗುವುದಿಲ್ಲ.

ಸೀತಾಂಗೋಳಿ_ಪ್ರೆಸ್

ಓದಿ ಕಣ್ಣು ತುಂಬಿತು. ಸಂಬಳ ತಡ ಆದದ್ದಕ್ಕೆ ಒಬ್ಬ ಧಣಿ ಹೀಗೆ ಹೇಳಿದ್ದು ನಾನು ಕೇಳಿದ್ದೇ ಇಲ್ಲ.

ಆದರೆ ಹಾಳೆಯ ಲೆಕ್ಕದಲ್ಲಿ ಒಂದು ಪ್ರಶ್ನೆ ಖಂಡಿತ ಬರ್ತದೆ. ಒಂದು ಹಾಳೆಗೆ ಸರಾಸರಿ ಎರಡು ತಟ್ಟೆ ಅಂತ ಇಡಿ. ಒಂದೂವರೆ ಲಕ್ಷಕ್ಕೆ ಮೂರು ಲಕ್ಷ ತಟ್ಟೆ. ಅಕ್ಕಾ, ನಿಮ್ಮಲ್ಲಿ ಒಂದು ಶಿಫ್ಟಿಗೆ ದಿನಕ್ಕೆ ಎಷ್ಟು ಒತ್ತುತ್ತೀರಿ? ಐದು ಸಾವಿರ ಅಂದರೂ ಅರುವತ್ತು ದಿನದ ಕೆಲಸ. ಜೂನ್‌ನಿಂದ ಸುರು ಮಾಡಿದರೆ ಆಗಸ್ಟ್ ನಡುವಿಗೆ ಖಾಲಿ. ಹೊಸ ಹಾಳೆ ಬರುವುದು ಮಳೆ ಬಿಟ್ಟ ಮೇಲೆ. ನಡುವೆ ಮೂರು ತಿಂಗಳು ನಾವು ಎಂತ ಮಾಡುವುದು? ಪ್ರೆಸ್ಸಿನವರು ಈ ಲೆಕ್ಕ ಕೂತಲ್ಲೇ ಹಾಕ್ತಾರೆ. ಧಣಿಗಳಿಗೆ ಉತ್ತರ ಗೊತ್ತಿರಲಿ.

ಬದಿಯಡ್ಕ_ಲೆಕ್ಕಪತ್ರ

ದಿನಕ್ಕೆ ಐದು ಸಾವಿರವೇ, ನೀವು ಹೇಳಿದ ಲೆಕ್ಕ ಸರಿಯಾಗಿಯೇ ಬರುತ್ತದೆ. ಧಣಿಗಳಿಗೆ ತೋರಿಸಿದೆ, ಸ್ವಲ್ಪ ಹೊತ್ತು ಸುಮ್ಮನಾದರು. ಅವರ ಯೋಚನೆ ಹೀಗೆ: ಹಾಳೆ ಮೇ ತನಕ ಸಿಗುತ್ತದೆ, ಮಾರ್ಚ್ 10ರ ಹೊತ್ತಿಗೆ ಗಲ್ಫ್‌ನ ಮುಂಗಡ ಬಂದರೆ ಇನ್ನೊಂದು ಲಕ್ಷ ತೆಗೆಯಬಹುದು. ಬಾರದಿದ್ದರೆ ಮಳೆಗಾಲದ ಕೊನೆಗೆ ಕೆಲಸದ ದಿನ ಕಡಿಮೆ ಆಗಬಹುದು.

ಹೊಸೂರು_ಎಚ್‌ಆರ್

ಹಾಗಾದರೆ ಅದನ್ನೇ ಭಾಷಣಕ್ಕೆ ಸೇರಿಸಿ, ಯಾರೂ ಕೇಳುವ ತನಕ ಕಾಯಬೇಡಿ. "ಒಂದೂವರೆ ಲಕ್ಷ ಅಂದರೆ ಆಗಸ್ಟ್ ನಡುವಿನ ತನಕ ಅಂತ ನೀವು ಲೆಕ್ಕ ಹಾಕಿರುತ್ತೀರಿ, ಸರಿಯೇ. ಉಳಿದ ಹಾಳೆ ತೆಗೆಯುವುದೋ ಇಲ್ಲವೋ ಎಂಬುದನ್ನೂ ಮಾರ್ಚ್ 10ಕ್ಕೆ ಹೇಳುತ್ತೇನೆ." ಸೀತಾಂಗೋಳಿಯವರೇ, ಇದು ನನಗೆ ತಿಳಿಯುವ ವಿಷಯವೇ ಆಗಿರಲಿಲ್ಲ. ಥ್ಯಾಂಕ್ಸ್.

ನೀರ್ಚಾಲು_ಮಾಷ್ಟ್ರು

ಕ್ರಮದ ಬಗ್ಗೆ ನಾನು ಹೇಳಿದ್ದು ಬಿಡೋಣ, ಸೀತಾಂಗೋಳಿಯವರ ಮಾತಿನ ಮುಂದೆ ಅದು ನಿಲ್ಲುವುದಿಲ್ಲ.

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ. ನಮ್ಮೂರಿನ ಘಟಕದಲ್ಲಿ ಎಲ್ಲರಿಗೂ ಕನ್ನಡ ಬರುತ್ತದೆ ಅಂತಿಲ್ಲ. ತುಳುವಿನವರು ಅರ್ಥ ಮಾಡಿಕೊಳ್ಳುತ್ತಾರೆ, ಮಲಯಾಳದವರು, ಒಡಿಶಾದ ಹುಡುಗರು ಇದ್ದರೆ? ಅವರಿಗೆ ಆಮೇಲೆ ಯಾರೋ ಮೂಲೆಯಲ್ಲಿ ಹೇಳುವಾಗ "ಮಾರ್ಚ್ ತನಕ ಕಳಿಸುವುದಿಲ್ಲ" ಎಂಬುದು "ಮಾರ್ಚ್‌ಗೆ ಕಳಿಸುತ್ತಾರೆ" ಅಂತ ತಲುಪಬಹುದು. ಧಣಿಗಳು ಒಂದು ಭಾಗ ಕನ್ನಡದಲ್ಲಿ ಹೇಳಿ, ಅದನ್ನೇ ಮಲಯಾಳದಲ್ಲಿ ಹೇಳಿ ಮುಂದಕ್ಕೆ ಹೋಗಲಿ. ಒಡಿಶಾದವರಿಗೆ ಹಿಂದಿಯಲ್ಲಿ ಒಂದು ಚೀಟಿ. ತಾರೀಕುಗಳನ್ನೆಲ್ಲ ಬೋರ್ಡಿನಲ್ಲಿ ಬರೆದು ಮಾರ್ಚ್ 10ರ ತನಕ ಅಳಿಸದೆ ಇಡಿ.

ಪೆರ್ಲ_ತೋಟದವ

ನನಗೆ ಈಗಲೂ ಸಮಾಧಾನ ಇಲ್ಲ. ಹಾಳೆಯ ಮೇಲೆ ಬಂದ ಅಪವಾದದ ಬಗ್ಗೆ ಒಂದು ಮಾತೂ ಇಲ್ಲದೆ ಭಾಷಣ ಮುಗಿದರೆ ನಾವೇ ಒಪ್ಪಿಕೊಂಡ ಹಾಗೆ ಆಗ್ತದೆ. ಕೆಲಸದವರು ಕೇಳುವುದಿಲ್ವಾ, ದಿನವಿಡೀ ನಾವು ಇದನ್ನು ಮುಟ್ತೇವೆ, ಆವಿ ಕುಡಿಯುತ್ತೇವೆ, ನಮಗೆ ಎಂತಾದ್ರೂ ಆಗ್ತದಾ ಅಂತ?

ಬದಿಯಡ್ಕ_ಲೆಕ್ಕಪತ್ರ

ಅಣ್ಣಾ, ಆ ಪ್ರಶ್ನೆ ಜೂನ್‌ನಲ್ಲೇ ಇಬ್ಬರು ಕೇಳಿದ್ದಾರೆ. ನವೆಂಬರ್‌ನಲ್ಲಿ ತಟ್ಟೆಯ ಮಾದರಿ ಲ್ಯಾಬಿಗೆ ಕೊಟ್ಟಿದ್ದೇವೆ, ವರದಿ ಬಂದಿಲ್ಲ.

ಹೊಸೂರು_ಎಚ್‌ಆರ್

ಪೆರ್ಲದ ಅಣ್ಣ ಈ ಸಲ ಸರಿಯಾದ ಜಾಗ ಹಿಡಿದರು, ಕೆಲಸದವರ ಆರೋಗ್ಯದ ಪ್ರಶ್ನೆಗೆ ಉತ್ತರ ಇರಲೇಬೇಕು. ಉತ್ತರ ಹೀಗಿರಲಿ: "ಅಮೆರಿಕದವರು ಹೇಳಿದ್ದು ಊಟಕ್ಕೆ ಇಳಿಯುವುದರ ಬಗ್ಗೆ. ತಟ್ಟೆಯನ್ನು ಪರೀಕ್ಷೆಗೆ ಕೊಟ್ಟಿದ್ದೇನೆ. ವರದಿ ಬಂದ ದಿನ ಬೋರ್ಡಿಗೆ ಹಾಕುತ್ತೇನೆ, ಏನೇ ಇದ್ದರೂ." ಆವಿಯ ಬಗ್ಗೆ ತಟ್ಟೆಯ ಪರೀಕ್ಷೆ ಏನೂ ಹೇಳುವುದಿಲ್ಲ, ಅದನ್ನು ಧಣಿಗಳು ಬೆರೆಸಬಾರದು. ಪ್ರೆಸ್ ಹತ್ತಿರ ಎಕ್ಸಾಸ್ಟ್ ಫ್ಯಾನ್ ಇದೆಯೇ, ಇಲ್ಲದಿದ್ದರೆ ಯಾವಾಗ ಬರುತ್ತದೆ, ಅದನ್ನು ಹೇಳಲಿ.

ಸಭೆಗೆ ಹಿಂದಿನ ದಿನ ಸೂಪರ್‌ವೈಸರ್‌ಗಳಿಗೆ ಇಡೀ ಭಾಷಣ ಓದಿ ಹೇಳಿ. 31ರ ಸಂಜೆ ಧಣಿಗಳು ಮನೆಗೆ ಹೋಗುತ್ತಾರೆ, 1ರ ಬೆಳಿಗ್ಗೆ ಪ್ರಶ್ನೆಗಳೆಲ್ಲ ಬೀಳುವುದು ಸೂಪರ್‌ವೈಸರ್ ತಲೆಗೆ. ಅವರಿಗೂ ಅಲ್ಲೇ ಮೊದಲು ಗೊತ್ತಾದರೆ ಅವರು ಒಂದೊಂದು ಉತ್ತರ ಕೊಡುತ್ತಾರೆ.

ಹೊಸಂಗಡಿ_ಯೂನಿಯನ್

11 ಜನರ ಸಾಲು ಬಿಡಬೇಡಿ. ಬಿಡಿಸಿದವರನ್ನು ಮತ್ತೆ ಕರೆಯುವಾಗ ಮೊದಲ ಅವಕಾಶ ಅವರಿಗೆ ಎಂಬುದು ಕಾಯ್ದೆಯಲ್ಲೇ ಇತ್ತು, ಆದರೆ ಧಣಿಗಳ ಬಾಯಲ್ಲಿ ಬಂದರೆ ಒಳಗಿರುವ 38 ಜನಕ್ಕೂ ಅದು ತಾಗುತ್ತದೆ. ನಾಳೆ ತಮ್ಮ ಸರದಿ ಬಂದರೆ ತಮ್ಮ ಬಗ್ಗೆ ಏನು ಹೇಳುತ್ತಾರೆ ಅಂತ ಅವರು ಆ ಸಾಲಿನಲ್ಲಿ ಕೇಳುತ್ತಾರೆ.

ಬದಿಯಡ್ಕ_ಲೆಕ್ಕಪತ್ರ

ಎಲ್ಲರಿಗೂ ತುಂಬಾ ಉಪಕಾರ. ಇವತ್ತು ಆಫೀಸಿನಲ್ಲಿ ಬಾಗಿಲು ಹಾಕಿ ಧಣಿಗಳು ಒಮ್ಮೆ ಗಟ್ಟಿಯಾಗಿ ಓದಿದರು. ಸಂಬಳದ ಕ್ಷಮೆಯ ಸಾಲಿನಲ್ಲಿ ಸ್ವರ ಸ್ವಲ್ಪ ತಡೆಯಿತು, ಆದರೆ ತೆಗೆಯುವುದು ಬೇಡ ಅಂದರು. ಸುಂಕದ ಸಾಲು ಹೋಯಿತು, ಬೋನಸ್ ಸಾಲು ಬದಲಾಯಿತು, ಗಲ್ಫ್ ಹೆಸರು ಇಲ್ಲ. ಧನ್ಯವಾದದ ಜಾಗಕ್ಕೆ ನಿಜವಾದ ಘಟನೆ ಸಿಕ್ಕಿತು: ಸೆಪ್ಟೆಂಬರ್‌ನಲ್ಲಿ ಡೈ ಬದಲಾಯಿಸುವ ಮೆಕ್ಯಾನಿಕ್ ಬಾರದಿದ್ದಾಗ ಪ್ರೆಸ್ಸಿನ ಇಬ್ಬರು ಹೆಂಗಸರೇ ಕೂತು ಸಣ್ಣ ಬಟ್ಟಲಿನ ಡೈ ಕೂರಿಸಿದ್ದರು, ಬೆಂಗಳೂರಿನ ಆರ್ಡರ್ ಅದರಿಂದಲೇ ತಪ್ಪಲಿಲ್ಲ. ಅವರ ಹೆಸರು ಹೇಳಲು ಅವರನ್ನೇ ಕೇಳಿದ್ದೇನೆ, ಒಬ್ಬರು ಸರಿ ಅಂದರು, ಇನ್ನೊಬ್ಬರು ಬೇಡ ಅಂದರು.

11 ಜನರ ಲೆಕ್ಕ ತೆಗೆದು ನೋಡಿದೆ. ಒಂಬತ್ತು ಜನರದ್ದು ಪೂರ್ತಿ ಸಂದಿದೆ, ಇಬ್ಬರಿಗೆ ವರ್ಷದ ಎಣಿಕೆಯಲ್ಲಿ ಕಡಿಮೆ ಬಿದ್ದಿದೆ. ಚೆಕ್ ಸೋಮವಾರ ಹೋಗುತ್ತದೆ. "ನಾನು ಬಿಡಿಸಿದೆ" ಎಂಬ ಸಾಲಿಗೆ ಮಾತ್ರ ಧಣಿಗಳು ಇನ್ನೂ ಒಪ್ಪಿಲ್ಲ. "ಬಿಡಿಸಬೇಕಾಯಿತು" ಅಂತ ಪೆನ್ಸಿಲ್‌ನಲ್ಲಿ ತಿದ್ದಿ ಇಟ್ಟಿದ್ದಾರೆ. ಸೂಪರ್‌ವೈಸರ್ ಇಬ್ಬರನ್ನು 30ರ ಬೆಳಿಗ್ಗೆ ಒಂಬತ್ತಕ್ಕೆ ಕರೆದಿದ್ದಾರೆ, ಆಗ ಇನ್ನೊಮ್ಮೆ ಹೇಳಿ ನೋಡುತ್ತೇನೆ.

ಸೀತಾಂಗೋಳಿ_ಪ್ರೆಸ್

ಎಕ್ಸಾಸ್ಟ್ ಫ್ಯಾನ್ ಉಂಟಾ ಅಂತ ನೀವು ಹೇಳಲೇ ಇಲ್ಲ ಅಕ್ಕಾ.

ಬದಿಯಡ್ಕ_ಲೆಕ್ಕಪತ್ರ

ಒಂದು ಉಂಟು, ಎರಡನೇ ಸಾಲಿನ ಪ್ರೆಸ್‌ಗಳಿಗೆ ಇಲ್ಲ. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದ್ದೇನೆ. ಅವನು ತಾರೀಕು ಕೊಟ್ಟರೆ ಅದನ್ನೂ ಬೋರ್ಡಿಗೆ ಸೇರಿಸುತ್ತೇವೆ.